ಪಕ್ಕದ ಕೋಣೆಯಲ್ಲಿ ಎಚ್ಚರವಾಗಿರುವ ಮಗು

(ಆಪ್ತಸಮಾಲೋಚಕರು ಮತ್ತು ಶಿಕ್ಷಕರ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಮನೆಯಲ್ಲಿ ಹೊಡೆತ ತಿನ್ನುತ್ತಿರುವ ತಾಯಂದಿರ ಜೊತೆ ಕೆಲಸ ಮಾಡುವವರಿಗೆ ಒಂದು ಮಾತು ಚೆನ್ನಾಗಿ ಪರಿಚಯ. "ಮಕ್ಕಳಿಗೇನೂ ಗೊತ್ತಿಲ್ಲ ಮೇಡಂ, ಅವರು ಮಲಗಿದ್ರು." ತಾಯಿ ಸುಳ್ಳು ಹೇಳುತ್ತಿರುವುದಿಲ್ಲ. ಮಗು ಕಣ್ಣು ಮುಚ್ಚಿಕೊಂಡು ಮಲಗಿದ್ದನ್ನು ಅವರು ನೋಡಿರುತ್ತಾರೆ. ಆದರೆ ಅದೇ ಮಗುವಿನ ಜೊತೆ ಬೇರೆಯಾಗಿ ಕೂತು ಮಾತಾಡಿದರೆ, ಯಾವ ಪಾತ್ರೆ ಒಡೆಯಿತು, ಅಮ್ಮ ಯಾವಾಗ ಅಳು ನಿಲ್ಲಿಸಿದಳು, ಅಪ್ಪ ಎಷ್ಟು ಹೊತ್ತಿಗೆ ಬಾಗಿಲು ಹಾಕಿಕೊಂಡ, ಎಲ್ಲ ಹೇಳುತ್ತದೆ.

ಹಾಗಾಗಿ 'ಹಿಂಸೆಯನ್ನು ನೋಡಿದ ಮಗು' ಅಂದಾಗ ಕಣ್ಣಾರೆ ಕಂಡ ಮಗು ಮಾತ್ರ ಅಂದುಕೊಳ್ಳಬೇಡಿ. ಗೋಡೆಯಾಚೆಯಿಂದ ಕೇಳಿಸಿಕೊಂಡ ಮಗುವೂ ಹೌದು, ಬೆಳಿಗ್ಗೆ ಅಮ್ಮನ ತೋಳಿನ ಮೇಲೆ ಗುರುತು ಕಂಡ ಮಗುವೂ ಹೌದು. "ನಿಮ್ಮಮ್ಮ ಇವತ್ತು ಯಾರ ಜೊತೆ ಮಾತಾಡಿದ್ಲು ಹೇಳು" ಅಂತ ಅಪ್ಪನ ಗೂಢಚಾರನಾಗಬೇಕಾಗಿ ಬಂದ ಮಗುವೂ ಇದರಲ್ಲೇ ಸೇರುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನ 2021ರ ಕೌಟುಂಬಿಕ ದೌರ್ಜನ್ಯ ಕಾನೂನು, ಹಿಂಸೆಯನ್ನು ನೋಡಿದ, ಕೇಳಿದ ಅಥವಾ ಅದರ ಪರಿಣಾಮ ಅನುಭವಿಸಿದ ಮಗುವನ್ನು ಸಾಕ್ಷಿ ಅನ್ನುವುದಿಲ್ಲ, ನೇರವಾಗಿ ಬಲಿಪಶು ಎಂದೇ ಗುರುತಿಸುತ್ತದೆ. ಕಾನೂನು ಬಹಳ ತಡವಾಗಿ ಹೇಳಿದ್ದನ್ನು ಈ ಕ್ಷೇತ್ರದಲ್ಲಿರುವವರು ಎಷ್ಟೋ ವರ್ಷದಿಂದ ಹೇಳುತ್ತಿದ್ದರು.

ಹೊಡೆಯುವವರು ಗಂಡಸರೇ ಆಗಿರಬೇಕು ಅಂತಿಲ್ಲ. ಅಮ್ಮ, ಅಜ್ಜ, ಅಣ್ಣ, ಯಾರೂ ಆಗಿರಬಹುದು. ಆದರೆ ನಮ್ಮ ಮುಂದೆ ಜಾಸ್ತಿ ಬರುವುದು ಅಪ್ಪ ಅಮ್ಮನನ್ನು ಹೊಡೆಯುವ ಮನೆಗಳು. ಇವತ್ತಿನ ನನ್ನ ಉದಾಹರಣೆಯೂ ಅಂಥದ್ದೇ. ಅದರಲ್ಲೂ ಒಂದೇ ಒಂದು ಸನ್ನಿವೇಶ ಆರಿಸಿಕೊಂಡಿದ್ದೇನೆ: ಹಿಂಸೆ ಇನ್ನೂ ನಿಂತಿಲ್ಲ, ಮಗು ಸಂಜೆ ಅದೇ ಮನೆಗೆ ವಾಪಸ್ ಹೋಗಬೇಕು, ನಡುವೆ ನಿಮ್ಮೆದುರು ಒಂದು ಗಂಟೆ ಕೂತಿದೆ. ಪುಸ್ತಕಗಳಲ್ಲಿ ಹೇಳುವ ಎಷ್ಟೋ ಒಳ್ಳೆಯ ವಿಧಾನಗಳು ಹಿಂಸೆ ಮುಗಿದುಹೋಗಿದೆ ಅನ್ನುವ ಲೆಕ್ಕದಲ್ಲಿ ಬರೆದಂಥವು. ಈ ಮಗುವಿನ ಪಾಲಿಗೆ ಅದು ಮುಗಿದಿಲ್ಲ.

ಹೊಟ್ಟೆನೋವಿನ ಹುಡುಗಿ

ಇದು ಯಾವುದೋ ಒಂದು ಮಗುವಿನ ಕಥೆಯಲ್ಲ. ಹಲವು ಮಕ್ಕಳ ವಿವರ ಸೇರಿಸಿ, ಗುರುತು ಸಿಗದ ಹಾಗೆ ಕಟ್ಟಿದ್ದು.

9 ವರ್ಷದ ಹುಡುಗಿ. ಅವಳಿಗೆ 4 ವರ್ಷದ ತಮ್ಮ. ಕ್ಲಾಸ್ ಟೀಚರ್ ಕಳಿಸಿದ ಕಾರಣ ಹೊಟ್ಟೆನೋವು. ವಾರದಲ್ಲಿ ಎರಡು ಮೂರು ದಿನ, ಬೆಳಿಗ್ಗೆ ಎರಡನೇ ಪೀರಿಯಡ್ ಹೊತ್ತಿಗೆ "ಹೊಟ್ಟೆ ನೋಯ್ತಿದೆ, ಮನೆಗೆ ಹೋಗ್ತೀನಿ" ಅನ್ನುತ್ತಾಳೆ. ಡಾಕ್ಟರ್ ನೋಡಿದ್ದಾರೆ, ಏನೂ ಸಿಕ್ಕಿಲ್ಲ. ಟೀಚರ್ ಇನ್ನೊಂದು ಮಾತು ಸೇರಿಸಿದ್ದರು: "ಗಮನ ಇಲ್ಲ ಇವಳಿಗೆ. ಕಾರಿಡಾರಲ್ಲಿ ಯಾರಾದ್ರೂ ನಡೆದು ಹೋದ್ರೂ ಸಾಕು, ತಿರುಗಿ ನೋಡ್ತಾಳೆ."

ಈ ಎರಡನೇ ಮಾತಿನ ಹತ್ತಿರ ಸ್ವಲ್ಪ ನಿಲ್ಲೋಣ. ಇಂಥ ಮಕ್ಕಳು ಅತಿ ಹೆಚ್ಚು ತಪ್ಪಾಗಿ ಅರ್ಥವಾಗುವುದು ಇಲ್ಲೇ. ಚಡಪಡಿಕೆ, ಪಾಠದ ಕಡೆ ಗಮನವಿಲ್ಲ, ಸಣ್ಣ ಸದ್ದಿಗೂ ಬೆಚ್ಚುವುದು, ಯಾರಾದರೂ ಹಿಂದಿನಿಂದ ಮುಟ್ಟಿದರೆ ಕೈ ಎತ್ತುವುದು. ಇದನ್ನೆಲ್ಲ ಒಟ್ಟಿಗೆ ನೋಡಿದವರು ಎಡಿಎಚ್‌ಡಿ ಅನ್ನುವ ಗಮನದ ತೊಂದರೆ ಅಂತ ಚೀಟಿ ಬರೆದುಬಿಡಬಹುದು. ನಿಜ ಏನೆಂದರೆ ಈ ಹುಡುಗಿಗೆ ಗಮನ ಬೇಕಾದಷ್ಟಿದೆ. ಅದೆಲ್ಲ ಹೆಜ್ಜೆ ಸದ್ದಿನ ಮೇಲೆ, ದೊಡ್ಡವರ ಮುಖದ ಮೇಲೆ, ದನಿಯ ಏರಿಳಿತದ ಮೇಲೆ ಖರ್ಚಾಗುತ್ತಿದೆ. ಗಣಿತಕ್ಕೆ ಉಳಿಯುತ್ತಿಲ್ಲ ಅಷ್ಟೇ.

ಎರಡನ್ನೂ ಬೇರೆ ಮಾಡುವುದು ಹೇಗೆ? ಒಂದೇ ಭೇಟಿಯಲ್ಲಿ ಆಗುವುದಿಲ್ಲ. ಗಮನದ ನಿಜವಾದ ತೊಂದರೆ ಸಾಮಾನ್ಯವಾಗಿ ಚಿಕ್ಕಂದಿನಿಂದ ಇರುತ್ತದೆ, ಬಹುತೇಕ ಎಲ್ಲ ಜಾಗದಲ್ಲೂ ಇರುತ್ತದೆ. ಭಯದಿಂದ ಬಂದ ಎಚ್ಚರಕ್ಕೆ ಒಂದು ಲಯ ಇರುತ್ತದೆ. ಯಾವತ್ತಿನಿಂದ ಶುರುವಾಯಿತು ಅಂತ ಕೇಳಿದರೆ ಒಂದು ಕಾಲ ಸಿಗಬಹುದು. ಕೆಲವು ದಿನ ಜಾಸ್ತಿ, ಕೆಲವು ದಿನ ಇಲ್ಲವೇ ಇಲ್ಲ. ಗಂಡಸರ ಗಟ್ಟಿ ದನಿ, ಬಾಗಿಲು ಬಡಿದ ಸದ್ದು, ಸಂಜೆ ಮನೆಗೆ ಬಿಡುವ ಹೊತ್ತು, ಇವುಗಳ ಜೊತೆ ಅದು ಏರುತ್ತದೆ. ಎರಡೂ ಒಟ್ಟಿಗೆ ಇರುವ ಮಕ್ಕಳೂ ಇದ್ದಾರೆ. ಹಾಗಾಗಿ ಅವಸರದಲ್ಲಿ ಯಾವುದನ್ನೂ ಬರೆದು ಅಂಟಿಸಬೇಡಿ.

ಇನ್ನು ಹೊಟ್ಟೆನೋವು. ಅದು ನಾಟಕ ಅಲ್ಲ. ಆತಂಕದಲ್ಲಿರುವ ಮಗುವಿಗೆ ಹೊಟ್ಟೆ ನಿಜವಾಗಿಯೂ ನೋಯುತ್ತದೆ. ಜೊತೆಗೆ ಈ ಹುಡುಗಿಯ ವಿಷಯದಲ್ಲಿ ಇನ್ನೊಂದು ಸಂಗತಿ ಇತ್ತು. ಅಪ್ಪನಿಗೆ ಪಾಳಿಯ ಕೆಲಸ. ರಾತ್ರಿ ಪಾಳಿ ಇದ್ದ ವಾರ ಅವನು ಹಗಲು ಮನೆಯಲ್ಲಿರುತ್ತಾನೆ. ಹೊಟ್ಟೆ ನೋಯುತ್ತಿದ್ದದ್ದು ಆ ವಾರಗಳಲ್ಲೇ. ಶಾಲೆಯ ಹಾಜರಿ ಪುಸ್ತಕದ ಪಕ್ಕದಲ್ಲಿ ಅಪ್ಪನ ಪಾಳಿ ಇಟ್ಟು ನೋಡಿದಾಗ ಅದು ಗೊತ್ತಾಯಿತು. ಅವಳಿಗೆ ಶಾಲೆ ಕಂಡರೆ ಭಯ ಇರಲಿಲ್ಲ. ಅಮ್ಮನನ್ನು ಒಬ್ಬಳೇ ಬಿಟ್ಟು ಬಂದಿದ್ದೇನಲ್ಲ ಅನ್ನುವುದೇ ಅವಳ ಭಯ. ಮನೆಗೆ ಹೋಗಿ ಕಾವಲು ಕೂರಬೇಕಿತ್ತು ಅವಳಿಗೆ.

ತಮ್ಮನದ್ದು ಬೇರೆ ರೀತಿ. ಡೈಪರ್ ಬಿಟ್ಟು ವರ್ಷದ ಮೇಲಾಗಿದ್ದವನು ಮತ್ತೆ ಹಾಸಿಗೆ ಒದ್ದೆ ಮಾಡತೊಡಗಿದ್ದ. ಆಟದ ಕಾರುಗಳನ್ನು ಸಾಲಾಗಿ ಇಟ್ಟು, ದೊಡ್ಡ ಕಾರಿನಿಂದ ಚಿಕ್ಕದನ್ನು ಗುದ್ದಿಸಿ, ಮತ್ತೆ ಸಾಲಾಗಿ ಇಟ್ಟು, ಮತ್ತೆ ಗುದ್ದಿಸುವುದು. ಅದರಲ್ಲಿ ನಗು ಇಲ್ಲ, ಕಥೆ ಮುಂದೆ ಹೋಗುವುದಿಲ್ಲ. ಸಾಮಾನ್ಯ ಆಟದಲ್ಲಿ ಆಂಬುಲೆನ್ಸ್ ಬರುತ್ತದೆ, ಪೊಲೀಸ್ ಬರುತ್ತಾನೆ, ಡೈನೊಸಾರ್ ಕೂಡ ಬರುತ್ತದೆ. ಇಲ್ಲಿ ಯಾರೂ ಬರುವುದಿಲ್ಲ. ಮನಸ್ಸಿಗೆ ಆಘಾತವಾದ ಮಕ್ಕಳ ಆಟದಲ್ಲಿ ಈ ಮರುಕಳಿಕೆಯನ್ನು ಗಮನಿಸಬೇಕು. ಇನ್ನೂ ಚಿಕ್ಕವರಲ್ಲಿ, ಅಂದರೆ ಕೈಗೂಸುಗಳಲ್ಲಿ, ನಿದ್ದೆ ಕೆಡುವುದು, ಸಮಾಧಾನವೇ ಆಗದ ಅಳು, ತಾಯಿಯನ್ನು ಬಿಟ್ಟಿರದಿರುವುದು ಕಾಣುತ್ತದೆ. "ಕೂಸಿಗೆ ಏನು ತಿಳಿಯುತ್ತೆ" ಅನ್ನುವುದು ಸುಮ್ನೆ ನಮ್ಮ ಸಮಾಧಾನಕ್ಕೆ.

ಇನ್ನೊಂದು ಬಗೆಯ ಮಕ್ಕಳನ್ನು ಯಾರೂ ನಮ್ಮ ಹತ್ತಿರ ಕಳಿಸುವುದೇ ಇಲ್ಲ. ಗಲಾಟೆ ಇಲ್ಲ, ಒಳ್ಳೆಯ ಅಂಕ, ಎಲ್ಲರಿಗೂ ಸಹಾಯ, ಎದುರು ಮಾತಿಲ್ಲ. ತಾನು ಒಂದೂ ತಪ್ಪು ಮಾಡದಿದ್ದರೆ ಮನೆಯಲ್ಲಿ ಜಗಳ ಆಗುವುದಿಲ್ಲ ಅಂತ ನಂಬಿಕೊಂಡ ಮಗು ಅದು. ಟೀಚರ್‌ಗಳಿಗೆ ನನ್ನ ವಿನಂತಿ: ಪೆನ್ಸಿಲ್ ಮುರಿದದ್ದಕ್ಕೆ ಹತ್ತು ಸಲ ಕ್ಷಮೆ ಕೇಳುವ ಮಗುವನ್ನೂ ಒಮ್ಮೆ ನೋಡಿ.

ಮೊದಲ ಮಾತು

ಹುಡುಗಿ ಬಂದು ಕೂತಳು. ಏನು ಹೇಳಬೇಕು?

"ಇಲ್ಲಿ ಹೇಳಿದ್ದು ನಮ್ಮಿಬ್ಬರ ಮಧ್ಯೆ ಗುಟ್ಟು" ಅಂತ ಮಾತ್ರ ಹೇಳಬೇಡಿ. ಈ ಮಾತು ನಿಮ್ಮಿಂದ ಉಳಿಸಿಕೊಳ್ಳಲು ಆಗುವುದಿಲ್ಲ. ಮಗುವಿನ ಜೀವಕ್ಕೆ ಅಪಾಯ ಅಂತ ಕಂಡರೆ ನೀವು ಬೇರೆಯವರಿಗೆ ಹೇಳಲೇಬೇಕು. ಎಷ್ಟೋ ಕಡೆ ಕಾನೂನೇ ಹಾಗೆ ಹೇಳುತ್ತದೆ. ನಿಮ್ಮ ಊರಿನ ಕಾನೂನು ಏನನ್ನು ವರದಿ ಮಾಡಲೇಬೇಕು ಅನ್ನುತ್ತದೆ, ಯಾರಿಗೆ, ಎಷ್ಟು ಹೊತ್ತಿನೊಳಗೆ, ಇದನ್ನು ಮಗು ಬಾಗಿಲೊಳಗೆ ಬರುವ ಮೊದಲೇ ತಿಳಿದುಕೊಂಡಿರಬೇಕು. ಮಗು ಹೇಳಿದ ಮೇಲೆ ಪುಸ್ತಕ ಹುಡುಕುತ್ತಾ ಕೂರುವಂತಿಲ್ಲ.

ಆ ಹುಡುಗಿಗೆ ಹೇಳಿದ್ದು ಇಷ್ಟು: "ನೀನು ಇಲ್ಲಿ ಹೇಳೋದರಲ್ಲಿ ಜಾಸ್ತಿ ವಿಷಯ ನನ್ನ ಹತ್ರಾನೇ ಇರುತ್ತೆ. ಆದರೆ ನಿನಗೋ ಮನೇಲಿ ಇನ್ಯಾರಿಗೋ ತುಂಬಾ ಏಟಾಗಬಹುದು ಅಂತ ನನಗೆ ಅನಿಸಿದ್ರೆ, ಸಹಾಯ ಮಾಡೋರಿಗೆ ನಾನು ಹೇಳಬೇಕಾಗುತ್ತೆ. ಹೇಳೋ ಮೊದಲು ನಿನಗೆ ತಿಳಿಸ್ತೀನಿ. ಹೇಳಬಾರದು ಅನಿಸಿದ್ದನ್ನ ನೀನು ಹೇಳದೇನೂ ಇರಬಹುದು." ಇದನ್ನು ಕೇಳಿ ಕೆಲವು ಮಕ್ಕಳು ಅಲ್ಲೇ ಬಾಯಿ ಮುಚ್ಚಿಕೊಳ್ಳುತ್ತಾರೆ. ಮುಚ್ಚಿಕೊಳ್ಳಲಿ. ಈ ಮನುಷ್ಯರು ಮೊದಲೇ ನಿಜ ಹೇಳುತ್ತಾರೆ ಅಂತ ಅವರಿಗೆ ಗೊತ್ತಾಗಿರುತ್ತದೆ, ಮುಂದಿನ ವಾರಗಳಲ್ಲಿ ಅದು ಕೆಲಸಕ್ಕೆ ಬರುತ್ತದೆ.

ಆಮೇಲೆ ಒಂದು ಹಾಳೆ ಕೊಟ್ಟು ಮನೆಯ ನಕ್ಷೆ ಬರೆಯಲು ಹೇಳಿದ್ದಾಯಿತು. ಯಾವ ಕೋಣೆ ಎಲ್ಲಿ, ಯಾರು ಎಲ್ಲಿ ಮಲಗುತ್ತಾರೆ. "ಇದರಲ್ಲಿ ನಿನಗೆ ತುಂಬಾ ಇಷ್ಟದ ಜಾಗ ಯಾವುದು? ಇಷ್ಟ ಇಲ್ಲದ ಜಾಗ ಯಾವುದು?" ಅಷ್ಟೇ. "ಅಪ್ಪ ಹೊಡೀತಾರಾ?" ಅಂತ ಕೇಳಲಿಲ್ಲ. ಅದಕ್ಕೆ ಎರಡು ಕಾರಣ. ಉತ್ತರವನ್ನು ಪ್ರಶ್ನೆಯಲ್ಲೇ ಇಟ್ಟುಕೊಟ್ಟರೆ, ದೊಡ್ಡವರಿಗೆ ಬೇಕಾದದ್ದನ್ನು ಮಗು ಹೇಳಿಬಿಡಬಹುದು. ಮುಂದೆ ವಿಷಯ ಕೋರ್ಟಿಗೆ ಹೋದರೆ ಮಗುವಿನ ನಿಜವಾದ ಮಾತಿಗೂ ಬೆಲೆ ಇಲ್ಲದಂತಾಗುತ್ತದೆ. ಎರಡನೆಯದು, ಅಪ್ಪನ ವಿರುದ್ಧ ಮಾತಾಡಿಸಿದ ಹಾಗೆ ಮಗುವಿಗೆ ಅನಿಸುತ್ತದೆ. ಅವಳಿಗೆ ಅಪ್ಪನೂ ಬೇಕು. "ಹೇಳು", "ಆಮೇಲೆ?", "ಆಗ ನೀನು ಎಲ್ಲಿದ್ದೆ?" ಇಂಥ ಪ್ರಶ್ನೆಗಳೇ ಸಾಕು. ಅವಳು ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆದಿಟ್ಟುಕೊಳ್ಳಿ.

ಹುಡುಗಿ ಮುಂಬಾಗಿಲ ಪಕ್ಕದ ಮೇಜಿನ ಮೇಲೆ ಬೆರಳಿಟ್ಟಳು. "ಅಪ್ಪ ಬಂದು ಕೀ ಇಲ್ಲಿ ಇಡ್ತಾರೆ. ಇಟ್ರೆ ಪರವಾಗಿಲ್ಲ. ಎಸೆದ್ರೆ ಗೊತ್ತಾಗುತ್ತೆ." ಎಸೆದರೆ ಅವಳು ಏನು ಮಾಡುತ್ತಾಳೆ? ತಮ್ಮನನ್ನು ಎತ್ತಿಕೊಂಡು ಬಚ್ಚಲುಮನೆಗೆ ಹೋಗಿ, ಚಿಲಕ ಹಾಕಿ, ನಲ್ಲಿ ಬಿಡುತ್ತಾಳೆ. ನೀರಿನ ಸದ್ದಿನಲ್ಲಿ ಅವನಿಗೆ ಕೇಳಿಸಬಾರದು ಅಂತ. ಅವಳಿಗೆ ಮಾತ್ರ ಎಲ್ಲ ಕೇಳಿಸುತ್ತದೆ. ಒಂದು ಸಲ ಹೊರಗೆ ಓಡಿಹೋಗಿ ಅಪ್ಪನ ಕೈ ಹಿಡಿದುಕೊಂಡಿದ್ದಳು. ಆಮೇಲೆ ಹೇಳಿದಳು: "ಅವತ್ತು ನಾನು ಶಾಲೆಯ ಪ್ರವಾಸಕ್ಕೆ ದುಡ್ಡು ಕೇಳಿದ್ದೆ. ಕೇಳದೇ ಇದ್ರೆ ಆಗ್ತಿರಲಿಲ್ಲ."

ಇಲ್ಲಿ ನಮ್ಮ ಬಾಯಿಗೆ ಸುಲಭವಾಗಿ ಬರುವ ಮಾತು "ಎಷ್ಟು ಧೈರ್ಯ ನಿನಗೆ!" ಅದನ್ನು ನುಂಗಿಕೊಳ್ಳಿ. ಮುಂದಿನ ಸಲವೂ ನಡುವೆ ಹೋಗುವುದು ತನ್ನ ಕರ್ತವ್ಯ ಅಂತ ಅವಳು ಅಂದುಕೊಳ್ಳುತ್ತಾಳೆ, ಮಕ್ಕಳಿಗೆ ದೊಡ್ಡ ಏಟು ಬೀಳುವುದು ಹಾಗೆ ನಡುವೆ ಹೋದಾಗ. "ಅದರಲ್ಲಿ ನಿನ್ನ ತಪ್ಪೇನೂ ಇಲ್ಲ" ಎಂದು ಒಂದೇ ಮಾತಲ್ಲಿ ಮುಗಿಸಿದರೂ ಸಾಲದು, ಅವಳು ತಲೆ ಆಡಿಸಿ ಸುಮ್ಮನಾಗುತ್ತಾಳೆ ಅಷ್ಟೇ. ನಾವು ಕೇಳಿದ್ದು: "ನೀನು ದುಡ್ಡು ಕೇಳದೇ ಇದ್ದ ದಿನ ಯಾವತ್ತಾದ್ರೂ ಕೀ ಎಸೆದಿದ್ದು ಇದೆಯಾ?" ಅವಳು ಯೋಚಿಸಿದಳು. "ಇದೆ." "ಎಷ್ಟು ಸಲ?" "ತುಂಬಾ." ಹೊಡೆಯುವುದು ಹೊಡೆಯುವವರ ತೀರ್ಮಾನ, ಅದು ಮಕ್ಕಳ ಕೈಲಿ ಇರೋದಲ್ಲ ಅಂತ ಆಮೇಲೆ ಹೇಳಿದರೆ ಅದಕ್ಕೆ ನಿಲ್ಲಲು ಜಾಗ ಸಿಗುತ್ತದೆ. ಅಪ್ಪ ಕೆಟ್ಟವನು ಅಂತ ಹೇಳುವ ಅಗತ್ಯ ಇಲ್ಲ. ಹೊಡೆಯೋದು ತಪ್ಪು, ಅಪ್ಪನ ಮೇಲೆ ನಿನಗೆ ಪ್ರೀತಿ ಇದ್ದರೆ ಅದೂ ತಪ್ಪಲ್ಲ. ಎರಡನ್ನೂ ಒಟ್ಟಿಗೆ ಹೇಳಬಹುದು.

ಬ್ಯಾಗಿನಲ್ಲಿ ಏನೂ ಹೋಗಬಾರದು

ಆ ಹುಡುಗಿ ಬರೆದ ನಕ್ಷೆ ನಮ್ಮ ಹತ್ತಿರವೇ ಉಳಿಯಿತು. ಇದು ಸಣ್ಣ ವಿಷಯ ಅಲ್ಲ. ಇಂಥ ಮನೆಯಲ್ಲಿ ಹಿಂಸೆ ಮಾಡುವವರು ಫೋನ್ ನೋಡುತ್ತಾರೆ, ಬ್ಯಾಗ್ ನೋಡುತ್ತಾರೆ, ಯಾರು ಯಾರ ಜೊತೆ ಮಾತಾಡಿದರು ಅಂತ ಲೆಕ್ಕ ಇಡುತ್ತಾರೆ. ಮಗುವಿನ ಬ್ಯಾಗಿನಲ್ಲಿ ಸಿಕ್ಕ ಒಂದು ಕರಪತ್ರ, ಭಾವನೆಗಳ ಬಣ್ಣ ಹಚ್ಚುವ ಒಂದು ಹಾಳೆ, ಸಹಾಯವಾಣಿಯ ನಂಬರ್ ಬರೆದ ಚೀಟಿ, ಇದರಿಂದಲೇ ಅವತ್ತು ರಾತ್ರಿ ಅಮ್ಮನಿಗೆ ಏಟು ಬೀಳಬಹುದು. ಸಹಾಯ ಮಾಡುವವರಿಂದ ಬಂದ ಏಟು ಅದು. ಹೋಮ್‌ವರ್ಕ್ ಕೊಡುವ ಅಭ್ಯಾಸ ಇರುವ ಆಪ್ತಸಮಾಲೋಚಕರು ಇಂಥ ಮಗುವಿನ ವಿಷಯದಲ್ಲಿ ಅದನ್ನು ಬಿಡಬೇಕು. ಕಲಿಸಬೇಕಾದ್ದನ್ನು ಬಾಯಲ್ಲಿ ಕಲಿಸಿ, ಅಲ್ಲೇ ಅಭ್ಯಾಸ ಮಾಡಿಸಿ.

ತಾಯಿಯನ್ನು ತಲುಪುವುದೂ ಹಾಗೆಯೇ. ಮೆಸೇಜ್ ಕಳಿಸಬೇಡಿ. ಫೋನ್ ಮಾಡಲೇಬೇಕಾದರೆ ಶಾಲೆಯಿಂದ, ಶಾಲೆಯ ಮಾಮೂಲಿ ವಿಷಯಕ್ಕೆ. ಎತ್ತಿದವರು ತಾಯಿಯೇ ಆದರೂ ಮೊದಲ ಪ್ರಶ್ನೆ, "ಈಗ ಮಾತಾಡೋಕೆ ಅನುಕೂಲ ಇದೆಯಾ? ಹೌದು, ಇಲ್ಲ ಅಂತ ಹೇಳಿದ್ರೆ ಸಾಕು." ನಮ್ಮ ಉದಾಹರಣೆಯಲ್ಲಿ ತಾಯಿಯನ್ನು ಕರೆಸಿದ್ದು ಹೊಟ್ಟೆನೋವಿನ ಹಾಜರಿ ವಿಷಯಕ್ಕೆ ಅಂತ. ಅದು ಸುಳ್ಳೂ ಅಲ್ಲ.

ಅಪ್ಪ ಅಮ್ಮ ಇಬ್ಬರನ್ನೂ ಒಟ್ಟಿಗೆ ಕೂರಿಸಿ ಮಾತಾಡಿಸೋಣ ಅನ್ನುವ ಆಸೆ ಹಲವರಿಗೆ ಬರುತ್ತದೆ. ಕುಟುಂಬ ಒಂದಾಗಬೇಕು ಅನ್ನುವ ಒಳ್ಳೆಯ ಉದ್ದೇಶವೇ ಇರಬಹುದು. ನಡೆಯುವುದು ಬೇರೆ. ತಾಯಿ ಏನನ್ನೂ ಹೇಳಲಾರಳು, ಅಥವಾ ಹೇಳಿ ಮನೆಗೆ ಹೋಗಿ ಅದರ ಬೆಲೆ ತೆರುತ್ತಾಳೆ. ಮಗುವನ್ನೂ ಅಲ್ಲಿ ಕೂರಿಸಿದರೆ ಯಾರ ಪಕ್ಷ ಅಂತ ಎಲ್ಲರೆದುರು ಆರಿಸಬೇಕಾಗುತ್ತದೆ. ಭಯ ಇರುವ ಮನೆಯಲ್ಲಿ ಜಂಟಿ ಮಾತುಕತೆ ಬೇಡ. ಇದರಲ್ಲಿ ನನಗೆ ರಾಜಿಯಿಲ್ಲ.

ತಾಯಿಯ ಜೊತೆ ಒಂಟಿಯಾಗಿ ಕೂತಾಗ, "ಯಾಕೆ ಬಿಟ್ಟು ಬರಲ್ಲ?" ಅಂತ ಕೇಳುವುದೂ ಬೇಡ. ಬಿಟ್ಟು ಹೊರಡುವ ಹೊತ್ತು, ಹೊರಟ ನಂತರದ ತಿಂಗಳುಗಳು, ಬಹಳ ಅಪಾಯದ ಕಾಲ. ಅದಕ್ಕೆ ತಯಾರಿ ಬೇಕು, ಹಿಂಸೆಗೊಳಗಾದ ಮಹಿಳೆಯರ ಜೊತೆ ಕೆಲಸ ಮಾಡುವ ಸಂಸ್ಥೆಯ ನೆರವು ಬೇಕು. ಕೇಳಬೇಕಾದ ಪ್ರಶ್ನೆಗಳು ಬೇರೆ ಇವೆ. ಅಮೆರಿಕದ ನರ್ಸ್ ಮತ್ತು ಸಂಶೋಧಕಿ ಜಾಕ್ವೆಲಿನ್ ಕ್ಯಾಂಪ್‌ಬೆಲ್ 1980ರ ದಶಕದಲ್ಲಿ ಅಪಾಯ ಅಳೆಯುವ ಒಂದು ಪ್ರಶ್ನಾವಳಿ ಮಾಡಿದರು, ಇವತ್ತಿಗೂ ಹಲವು ಕಡೆ ಅದೇ ದಾರಿ. ಹೊಡೆತ ಇತ್ತೀಚೆಗೆ ಜಾಸ್ತಿಯಾಗಿದೆಯಾ? ಆಯುಧ ಕೈಗೆ ಸಿಗುತ್ತಾ? ಕೊಲ್ಲುತ್ತೇನೆ ಅಂದಿದ್ದಾನಾ? ತಾನೇ ಸಾಯುತ್ತೇನೆ ಅಂತ ಹೆದರಿಸುತ್ತಾನಾ? ಗರ್ಭಿಣಿಯಾಗಿದ್ದಾಗ ಹೊಡೆದಿದ್ದಾನಾ? ಕತ್ತು ಹಿಸುಕಿದ್ದಾನಾ?

ಈ ಕೊನೆಯದನ್ನು ಸ್ಪಷ್ಟವಾಗಿ, ಬೇರೆಯಾಗಿ ಕೇಳಿ. ಎಷ್ಟೋ ಹೆಂಗಸರು ಅದನ್ನು ಹೊಡೆತದ ಲೆಕ್ಕಕ್ಕೇ ಸೇರಿಸಿರುವುದಿಲ್ಲ. ಗುರುತು ಕಾಣದೇ ಇರಬಹುದು. ಆದರೆ ಒಮ್ಮೆ ಕತ್ತು ಹಿಸುಕಿದ ಸಂಗಾತಿಯಿಂದ ಮುಂದೆ ಕೊಲೆಯಾಗುವ ಅಪಾಯ ಹಲವು ಪಟ್ಟು ಜಾಸ್ತಿ ಅಂತ ಸಂಶೋಧನೆ ತೋರಿಸಿದೆ. ಇತ್ತೀಚೆಗೆ ಹಾಗಾಗಿದ್ದರೆ ವೈದ್ಯರು ನೋಡಬೇಕು, ಏಕೆಂದರೆ ಒಳಗಿನ ಪೆಟ್ಟು ಗಂಟೆಗಳ ನಂತರವೂ ಉಲ್ಬಣಿಸಬಹುದು.

ವರದಿ ಮಾಡಲೇಬೇಕಾದ ಸಂದರ್ಭ ಬಂದರೆ, ಹೇಳುವುದರಿಂದ ಅಪಾಯ ಹೆಚ್ಚುವುದಿಲ್ಲವಾದರೆ ತಾಯಿಗೆ ಮೊದಲೇ ತಿಳಿಸಿ. ವರದಿ ತೆಗೆದುಕೊಳ್ಳುವವರ ಹತ್ತಿರ ಕೆಲವು ಪ್ರಶ್ನೆ ಕೇಳಿ: ಮನೆಗೆ ಯಾವಾಗ ಬರುತ್ತೀರಿ, ಅವನು ಮನೆಯಲ್ಲಿದ್ದರೆ ಏನು ಮಾಡುತ್ತೀರಿ, ಮಾಹಿತಿ ಯಾರಿಂದ ಬಂತು ಅಂತ ಹೇಳುತ್ತೀರಾ. ಫಾರಂ ತುಂಬಿ ಕಳಿಸಿದರೆ ನಮ್ಮ ಕೆಲಸ ಮುಗಿಯುವುದಿಲ್ಲ. ಅವತ್ತಿನ ರಾತ್ರಿ ಆ ಮನೆಯಲ್ಲಿ ಹೇಗೆ ಕಳೆಯುತ್ತದೆ ಅನ್ನುವುದನ್ನೂ ಯೋಚಿಸಿರಬೇಕು.

ಬಚ್ಚಲುಮನೆ ಯಾಕೆ ಬೇಡ

ಇನ್ನು ಹುಡುಗಿಯ ಜೊತೆ ಮಾಡಿದ ಸುರಕ್ಷತೆಯ ಯೋಜನೆ. ಅವಳ ಹತ್ತಿರ ಆಗಲೇ ಒಂದು ಯೋಜನೆ ಇತ್ತಲ್ಲ, ಬಚ್ಚಲುಮನೆ ಮತ್ತು ನಲ್ಲಿ. ಅಲ್ಲಿಂದಲೇ ಶುರು ಮಾಡಬೇಕು. "ತಮ್ಮನಿಗೆ ಕೇಳಿಸಬಾರದು ಅಂತ ನೀನು ಯೋಚನೆ ಮಾಡಿದ್ದೀಯ. ಅದೇ ಯೋಚನೆನ ಇನ್ನೂ ಸ್ವಲ್ಪ ಗಟ್ಟಿ ಮಾಡೋಣ." ಬಚ್ಚಲುಮನೆಗೆ ಒಂದೇ ಬಾಗಿಲು, ಗಟ್ಟಿ ನೆಲ, ಬಿದ್ದರೆ ಪೆಟ್ಟು. ಅಡುಗೆಮನೆಯಲ್ಲಿ ಚಾಕು, ಬಿಸಿ ಪಾತ್ರೆ. ಎರಡೂ ಬೇಡ. ನಕ್ಷೆ ಮತ್ತೆ ತೆಗೆದು ನೋಡಿದಾಗ, ಮಕ್ಕಳು ಮಲಗುವ ಕೋಣೆಯಿಂದ ಹಿಂಬಾಗಿಲಿಗೆ ದಾರಿ ಇತ್ತು. ಕೆಳಗಿನ ಮನೆಯಲ್ಲಿ ಅಮ್ಮನಿಗೆ ನಂಬಿಕೆ ಇರುವ ಒಬ್ಬರು ಆಂಟಿ ಇದ್ದರು. ಅವರ ಜೊತೆ ಅಮ್ಮ ಮೊದಲೇ ಮಾತಾಡಿದರು. ಮಗುವೇ ಹೋಗಿ ಮೊದಲ ಸಲ ವಿಷಯ ಹೇಳುವಂತೆ ಆಗಬಾರದು.

ಹೀಗೆ ಯೋಜನೆ ತಯಾರಾಯಿತು. ಕೀ ಎಸೆದರೆ, ಅಥವಾ ಅಮ್ಮ ಅವರಿಬ್ಬರಿಗೇ ಗೊತ್ತಿರುವ ಒಂದು ಮಾತು ಹೇಳಿದರೆ, ಹುಡುಗಿ ಮಲಗುವ ಕೋಣೆಗೆ ಹೋಗಬೇಕು. ತಮ್ಮ ಪಕ್ಕದಲ್ಲೇ ಇದ್ದರೆ ಕರೆದುಕೊಂಡು ಹೋಗುವುದು. ಅವನು ಜಗಳ ನಡೆಯುವ ಕೋಣೆಯಲ್ಲಿದ್ದರೆ ತರಲು ಹೋಗುವಂತಿಲ್ಲ. ಈ ಷರತ್ತು ಒಪ್ಪಿಕೊಳ್ಳಲು ಅವಳಿಗೆ ತುಂಬಾ ಕಷ್ಟವಾಯಿತು. ಅದಕ್ಕೆ ಅಮ್ಮನೇ ಬಂದು ಹೇಳಬೇಕಾಯಿತು: "ತಮ್ಮನ್ನ ನೋಡ್ಕೊಳೋದು ನನ್ನ ಕೆಲಸ ಕಣೇ. ನೀನು ಹೋಗು." ದಾರಿ ಖಾಲಿ ಇದ್ದರೆ ಹಿಂಬಾಗಿಲಿಂದ ಕೆಳಗಿನ ಮನೆಗೆ. ಪೊಲೀಸರಿಗೆ ಫೋನ್ ಮಾಡುವುದು ಅಲ್ಲಿಂದ. ತನ್ನ ಪೂರ್ತಿ ಹೆಸರು, ಮನೆಯ ವಿಳಾಸ, "ಅಮ್ಮನಿಗೆ ಹೊಡೀತಿದ್ದಾರೆ, ಬೇಗ ಬನ್ನಿ" ಅನ್ನುವ ವಾಕ್ಯ, ಇಷ್ಟನ್ನು ಆಟದ ಫೋನ್ ಹಿಡಿದು ಹೇಳಿ ಅಭ್ಯಾಸ ಮಾಡಿದಳು. ಮೊದಲ ಸಲ ವಿಳಾಸ ಮರೆತುಹೋಯಿತು. ಹೆದರಿದಾಗ ಇನ್ನೂ ಮರೆಯುತ್ತದೆ, ಹಾಗಾಗಿ ಮುಂದಿನ ಭೇಟಿಗಳಲ್ಲೂ ಹೇಳಿಸಿದ್ದಾಯಿತು. ಯಾವುದನ್ನೂ ಬರೆದುಕೊಡಲಿಲ್ಲ.

ಒಂದು ಮಾತು ಅವಳಿಗೆ ಕೊನೆಗೆ ಹೇಳಿದ್ದು: "ಇದನ್ನ ಮಾಡೋಕೆ ಆಗದೇ ಹೋದ್ರೂ ಪರವಾಗಿಲ್ಲ. ಆಗ ಏನೇ ಆದ್ರೂ ನೀನು ಕಾರಣ ಅಲ್ಲ." ಇದನ್ನು ಹೇಳದಿದ್ದರೆ ಸುರಕ್ಷತೆಯ ಯೋಜನೆಯೇ ಮಗುವಿನ ತಲೆಯ ಮೇಲೆ ಇನ್ನೊಂದು ಹೊಣೆಯಾಗಿ ಕೂರುತ್ತದೆ.

ಎಷ್ಟು ಸಮಾಧಾನ ಕಲಿಸಬೇಕು?

ಈಗ ಚಿಕಿತ್ಸೆಯ ಮಾತು. ಆಘಾತಕ್ಕೊಳಗಾದ ಮಕ್ಕಳಿಗೆ ಉಸಿರಾಟದ ಅಭ್ಯಾಸ, ಮೈ ಸಡಿಲ ಮಾಡುವುದು, ಆಮೇಲೆ ನಿಧಾನವಾಗಿ ನಡೆದದ್ದನ್ನು ಹೇಳಿಸುವುದು, ಇದೆಲ್ಲ ರೂಢಿ. ಆದರೆ ಈ ಹುಡುಗಿಗೆ "ಭಯಪಡಬೇಡ, ಈಗ ಎಲ್ಲ ಸರಿ ಇದೆ" ಅಂದರೆ ಅದು ಸುಳ್ಳು. ಕೀ ಸದ್ದಿಗೆ ಅವಳು ಕಿವಿ ನಿಗುರಿಸುವುದು ಸರಿಯಾಗಿಯೇ ಇದೆ. ಅದನ್ನು ಕಳೆದುಬಿಟ್ಟರೆ ಅವಳ ಕಾವಲು ತೆಗೆದ ಹಾಗೆ.

ಇದಕ್ಕೆ ಒಳ್ಳೆಯ ದಾರಿ ತೋರಿಸಿದ್ದು ಜುಡಿತ್ ಕೋಹೆನ್, ಆಂಥನಿ ಮನ್ನರಿನೋ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನ. ತಾಯಿಯ ಮೇಲೆ ಸಂಗಾತಿ ನಡೆಸಿದ ಹಿಂಸೆಗೆ ಸಾಕ್ಷಿಯಾದ 7ರಿಂದ 14 ವರ್ಷದ ಮಕ್ಕಳಿಗೆ ಕೇವಲ 8 ಭೇಟಿಗಳ ಚಿಕಿತ್ಸೆ. ಹಿಂಸೆ ಮಾಡಿದವನ ಸಂಪರ್ಕ ಎಷ್ಟೋ ಮಕ್ಕಳಿಗೆ ಇನ್ನೂ ಇತ್ತು. ಅಲ್ಲಿ ಸುರಕ್ಷತೆಯನ್ನು ಮೊದಲಿಗೆ ತಂದರು. ನಿಜವಾದ ಅಪಾಯ ಯಾವುದು, ಅಪಾಯವನ್ನು ನೆನಪಿಸುವ ವಸ್ತು ಅಥವಾ ಸದ್ದು ಯಾವುದು, ಇದನ್ನು ಬೇರೆ ಮಾಡಲು ಕಲಿಸಿದರು. ಸಾಮಾನ್ಯ ಬೆಂಬಲದ ಸಮಾಲೋಚನೆ ಪಡೆದ ಮಕ್ಕಳಿಗಿಂತ ಇವರ ಆತಂಕ ಮತ್ತು ಬೆಚ್ಚಿಬೀಳುವಿಕೆ ಹೆಚ್ಚು ಇಳಿಯಿತು.

ನಮ್ಮ ಹುಡುಗಿಯ ಜೊತೆ ಇದು ಹೀಗೆ ನಡೆಯಿತು. ಎರಡು ಡಬ್ಬಿ. ಒಂದರಲ್ಲಿ 'ಈಗ ನಿಜವಾಗಿಯೂ ಅಪಾಯ', ಇನ್ನೊಂದರಲ್ಲಿ 'ಅಪಾಯದ ನೆನಪು'. ಮನೆಯಲ್ಲಿ ಕೀ ಎಸೆದ ಸದ್ದು ಮೊದಲ ಡಬ್ಬಿಗೆ. ಶಾಲೆಯಲ್ಲಿ ಪಿ.ಟಿ. ಮೇಷ್ಟ್ರು ಕೀ ಗೊಂಚಲು ಅಲ್ಲಾಡಿಸಿದ ಸದ್ದು? ಅವಳು ತುಂಬಾ ಹೊತ್ತು ಚೀಟಿ ಕೈಯಲ್ಲೇ ಹಿಡಿದುಕೊಂಡಿದ್ದಳು. ಕೊನೆಗೆ ಎರಡನೆಯದಕ್ಕೆ ಹಾಕಿದಳು. ಮೊದಲ ಡಬ್ಬಿಯದ್ದಕ್ಕೆ ಸುರಕ್ಷತೆಯ ಯೋಜನೆ. ಎರಡನೆಯದಕ್ಕೆ ಉಸಿರಾಟ, ಕಾಲು ನೆಲಕ್ಕೆ ಒತ್ತಿ "ನಾನು ಕ್ಲಾಸಿನಲ್ಲಿದ್ದೀನಿ" ಅಂದುಕೊಳ್ಳುವುದು. ಆ ರಾತ್ರಿಗಳ ಪೂರ್ತಿ ಕಥೆಯನ್ನು ಮಾತ್ರ ಎಳೆದು ತೆಗೆಯಲಿಲ್ಲ. ಅವಳಾಗಿ ತಂದಷ್ಟು ತಂದಳು.

ತಮ್ಮನಿಗೆ ಒಂಟಿಯಾಗಿ ಸಮಾಲೋಚನೆ ಕೊಡುವುದರಲ್ಲಿ ಅರ್ಥವಿಲ್ಲ. 6 ವರ್ಷದೊಳಗಿನ ಮಕ್ಕಳಿಗೆ ತಾಯಿ ಮಗು ಜೊತೆಯಾಗಿ ಕೂರುವ ಚಿಕಿತ್ಸೆಯೇ ಸರಿ. ಅಲಿಸಿಯಾ ಲೀಬರ್‌ಮನ್ ಮತ್ತು ಪೆಟ್ರೀಷಿಯಾ ವ್ಯಾನ್ ಹಾರ್ನ್ ಇದನ್ನು ಬೆಳೆಸಿದವರಲ್ಲಿ ಮುಖ್ಯರು. ಕಾರು ಗುದ್ದಿಸುವಾಗ ತಾಯಿ ಪಕ್ಕದಲ್ಲಿ ಕೂತು, "ದೊಡ್ಡ ಕಾರು ಚಿಕ್ಕದಕ್ಕೆ ಗುದ್ದಿತು. ಚಿಕ್ಕದಕ್ಕೆ ಭಯ ಆಯ್ತು ಅಲ್ವಾ. ನಿನಗೂ ಅವತ್ತು ಭಯ ಆಗಿತ್ತು" ಅಂದಳು. ನಾಲ್ಕು ವರ್ಷದವನ ಎದುರು ಇದನ್ನು ಬಾಯಿಬಿಟ್ಟು ಹೇಳುವುದು ತಾಯಿಗೇ ಕಷ್ಟ. ಆದರೆ ಹೇಳಿದ ಕೆಲವು ವಾರಗಳಿಗೆ ಆಟದೊಳಗೆ ಒಂದು ಲಾರಿ ಬಂತು, ಚಿಕ್ಕ ಕಾರನ್ನು ಎತ್ತಿಕೊಂಡು ಹೋಯಿತು. ಕಥೆ ಮುಂದೆ ಹೋಗತೊಡಗಿದ್ದು ಒಳ್ಳೆಯ ಗುರುತು. ತಾಯಿ ಕೇಳಿದ ಇನ್ನೊಂದು ಪ್ರಶ್ನೆಗೂ ಉತ್ತರಿಸಬೇಕು: "ಇವನೂ ಅವರಪ್ಪನ ಹಾಗೇ ಆಗ್ತಾನಾ?" ಹಿಂಸೆ ನೋಡಿದ ಮಕ್ಕಳಿಗೆ ಆ ಅಪಾಯ ಸ್ವಲ್ಪ ಹೆಚ್ಚು, ನಿಜ. ಆದರೆ ಹೆಚ್ಚಿನವರು ಹಾಗಾಗುವುದಿಲ್ಲ.

ಕೆಲಸ ಎಡವಟ್ಟಾಗುತ್ತಿದೆ ಅಂತ ತಿಳಿಯುವುದು ಹೇಗೆ? ಮಾತಾಡುತ್ತಿದ್ದ ಮಗು ಒಂದು ವಾರ ಬಿಟ್ಟು ಬಂದು ಇದ್ದಕ್ಕಿದ್ದ ಹಾಗೆ "ಎಲ್ಲ ಸರಿಹೋಗಿದೆ" ಅನ್ನುವುದು. "ನಾನು ಹೇಳಿದ್ದು ಸುಳ್ಳು" ಅನ್ನುವುದು. ಕಾರಣ ಹೇಳದೆ ಗೈರು. ಆಗ ಮಗುವನ್ನು ಇನ್ನಷ್ಟು ಕೆದಕಬೇಡಿ. ತಾಯಿಯ ಸುರಕ್ಷತೆಯ ಪ್ರಶ್ನೆಗಳಿಗೆ ವಾಪಸ್ ಹೋಗಿ. ಮನೆಯಲ್ಲಿ ಯಾರಿಗೋ ವಿಷಯ ಗೊತ್ತಾಗಿರಬಹುದು. ಹುಡುಗಿಯ ಹೊಟ್ಟೆನೋವು ಕಡಿಮೆಯಾಗಿದ್ದು ಅಪ್ಪ ಬದಲಾದದ್ದರಿಂದಲ್ಲ. ಬೆಳಿಗ್ಗೆ ಒಂದು ಹೊತ್ತು ಕೆಳಗಿನ ಆಂಟಿ ಅಮ್ಮನನ್ನು ನೋಡಿ ಬರುತ್ತಾರೆ ಅಂತ ಅವಳಿಗೆ ಗೊತ್ತಿತ್ತು. ಕಾವಲಿನ ಕೆಲಸ ದೊಡ್ಡವರೊಬ್ಬರು ವಹಿಸಿಕೊಂಡರು. ಆಮೇಲೆ ಎರಡನೇ ಪೀರಿಯಡ್‌ನಲ್ಲಿ ಕೂರಲು ಅವಳಿಗೆ ಸಾಧ್ಯವಾಯಿತು.

ಸಭಿಕರ ಒಂದು ಪ್ರಶ್ನೆ

ಉಪನ್ಯಾಸದ ನಂತರ ಹೊಸದಾಗಿ ಕೆಲಸಕ್ಕೆ ಸೇರಿದ ಒಬ್ಬರು ಕೇಳಿದರು: "ಅಪ್ಪ ಸೀದಾ ನಮ್ಮ ಕೋಣೆಗೇ ಬಂದು, ನನ್ನ ಮಗಳು ನಿಮ್ಮ ಹತ್ರ ಏನು ಹೇಳಿದ್ಲು ಅಂತ ಕೇಳಿದ್ರೆ?"

ಬರುತ್ತಾರೆ, ಅದಕ್ಕೆ ಮೊದಲೇ ತಯಾರಾಗಿರಿ. ಒಬ್ಬರೇ ಮಾತಾಡಬೇಡಿ, ಬಾಗಿಲು ತೆರೆದಿಡಿ, ಇನ್ನೊಬ್ಬ ಸಹೋದ್ಯೋಗಿ ಕಾಣುವ ದೂರದಲ್ಲಿರಲಿ. ಅವರಿಗೆ ತಿಳಿಹೇಳಲು, ಬುದ್ಧಿ ಹೇಳಲು ಹೋಗಬೇಡಿ. ನಿಮ್ಮ ಮೇಲಿನ ಸಿಟ್ಟು ತೀರುವುದು ಮನೆಯಲ್ಲಿ. "ಹೊಟ್ಟೆನೋವಿನಿಂದ ಪಾಠ ತಪ್ಪುತ್ತಿತ್ತು, ಅದಕ್ಕೆ ಮಾತಾಡ್ತಿದ್ದೀವಿ. ಮಕ್ಕಳು ಇಲ್ಲಿ ಮಾತಾಡಿದ್ದನ್ನ ಹೊರಗೆ ಹೇಳೋ ಪದ್ಧತಿ ಇಲ್ಲ, ಯಾವ ಮಗುವಿನದ್ದಾದ್ರೂ ಅಷ್ಟೇ." ಇಷ್ಟು ಸಾಕು, ಸಭ್ಯವಾಗಿ. ಟಿಪ್ಪಣಿ ನೋಡುವ ಕಾನೂನಿನ ಹಕ್ಕು ತಂದೆಗೆ ಇರುವ ಜಾಗಗಳೂ ಇವೆ. ಅದಕ್ಕೇ ಅದನ್ನು ಬರೆಯುವಾಗಲೇ ಯೋಚಿಸಬೇಕು, ಎಲ್ಲಿ ಇಡುತ್ತೀರಿ, ಯಾರು ತೆರೆಯಬಹುದು ಅಂತ. ಅವರು ಲಿಖಿತವಾಗಿ ಕೇಳಿದರೆ ನೀವೇ ಉತ್ತರ ಕೊಡದೆ ಮೇಲಿನವರಿಗೆ, ವಕೀಲರಿಗೆ ಕಳಿಸಿ. ಅವರು ಹೊರಗೆ ಹೋದ ಕೂಡಲೇ ಮಾಡಬೇಕಾದ ಕೆಲಸ ಒಂದಿದೆ: ಮಗು ಮನೆ ತಲುಪುವ ಮೊದಲು, ಸುರಕ್ಷಿತ ಅಂತ ನೀವಿಬ್ಬರೂ ಗೊತ್ತುಮಾಡಿಕೊಂಡ ದಾರಿಯಲ್ಲಿ, ಅವರು ಬಂದಿದ್ದರು ಅನ್ನುವುದನ್ನು ತಾಯಿಗೆ ಮುಟ್ಟಿಸುವುದು.